ಸ್ಟಾರ್ಟಪ್ ಸಂಜೆಗೆ ಕರೆಯುವ ಸಂದೇಶ

ಗೆಳೆಯರೆಲ್ಲ ಸೇರಿ ಸ್ಟಾರ್ಟಪ್ ಕಟ್ಟುವ ಆಸೆಯಿಂದ ಕಾಲೇಜು ವಿದ್ಯಾರ್ಥಿ ಕಳಿಸುವ ವಾಟ್ಸಾಪ್ ಸಂದೇಶ ಮೂರು ಸಂಗತಿಗಳನ್ನು ಮೊದಲೇ ತೀರ್ಮಾನಿಸಿಬಿಡುತ್ತದೆ: ಯಾವ ಪ್ರಶ್ನೆಯ ಮೇಲೆ ಮಾತು, ಬರುವವರ ತಯಾರಿ ಎಷ್ಟು, ಅಲ್ಲಿ ಹುಟ್ಟಿದ್ದು ಯಾರ ಪಾಲಿಗೆ. ಮಂಗಳೂರಿನಲ್ಲಿ ಇಂಥ ಸಂಜೆಗಳಲ್ಲಿ ಕೂತವರ ಅನುಭವದಲ್ಲಿ, ಮಾತು ದಿಕ್ಕುತಪ್ಪಿದಾಗ ಅದರ ಬೇರು ಬಹಳ ಸಲ ಸಂದೇಶದಲ್ಲೇ ಸಿಗುತ್ತದೆ.

ಸಾಮಾನ್ಯವಾಗಿ ಬರುವ ಸಂದೇಶ ಹೀಗಿರುತ್ತದೆ: ‘ಶನಿವಾರ ಸಂಜೆ ಸಿಗುವ, ಮೀನು ಡೆಲಿವರಿ ಆ್ಯಪ್ ಮಾಡುವ ಅಂತ ಉಂಟು, ಎಲ್ಲರೂ ಐಡಿಯಾ ಕೊಡಿ.’ ಇಲ್ಲಿ ಪ್ರಶ್ನೆ ಇಲ್ಲ, ಉತ್ತರವೇ ಇದೆ. ಬಂದವರು ಆ್ಯಪಿನ ಬಣ್ಣ, ಹೆಸರು, ರಿಯಾಯಿತಿ ಕೂಪನ್ ಎಂದು ಮಾತಾಡುತ್ತಾರೆ. ಮೀನು ಕೊಳ್ಳುವ ಮನೆಗೆ ತೊಂದರೆ ಏನೆಂದು ಕೇಳುವವರು ಇರುವುದಿಲ್ಲ.

ಅದೇ ಸಂದೇಶವನ್ನು ತಿದ್ದಿ ಹೀಗೆ ಬರೆಯಬಹುದು: ‘ಶನಿವಾರ ಸಂಜೆ 5ಕ್ಕೆ ಹಂಪನಕಟ್ಟೆಯಲ್ಲಿ ಸೇರುವ, 7ಕ್ಕೆ ಮುಗಿಸುವ, ಸುರತ್ಕಲ್, ದೇರಳಕಟ್ಟೆಯವರಿಗೆ ಬಸ್ಸು ತಪ್ಪುವುದು ಬೇಡ. ಪ್ರಶ್ನೆ ಒಂದೇ: ಬಿಜೈ, ಕದ್ರಿ ಕಡೆಯ ಫ್ಲ್ಯಾಟಿನವರಿಗೆ ಬೆಳಿಗ್ಗೆ ದಕ್ಕೆಗೆ ಹೋಗದೆ ತಾಜಾ ಬಂಗುಡೆ, ಬೂತಾಯಿ ಸಿಗುವುದು ಹೇಗೆ? ಜೂನ್, ಜುಲೈಯಲ್ಲಿ ಏನು ಮಾಡುವುದು? ಬರುವ ಮೊದಲು ಎರಡು ಮನೆಯವರ ಹತ್ತಿರ ಕೇಳಿ, ಈಗ ಮೀನು ಎಲ್ಲಿಂದ ತರುತ್ತಾರೆ, ಯಾಕೆ ಅಲ್ಲಿಂದಲೇ. ಐದು ಐಡಿಯಾ ಚೀಟಿಯಲ್ಲಿ ಬರೆದು ತನ್ನಿ, ಗ್ರೂಪಿಗೆ ಹಾಕಬೇಡಿ. ಬಂದವರೆಲ್ಲ ಪಾಲುದಾರರು ಅಂತ ಏನಿಲ್ಲ. ಮುಂದೆ ಮಾಡುವುದಾದರೆ ಬರೆದೇ ಮಾಡುವ.’

ಜೂನ್, ಜುಲೈಯ ಮಾತಿಗೆ ಕಾರಣವಿದೆ. ಕರ್ನಾಟಕ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿರುತ್ತದೆ. ನಾಡದೋಣಿಗಳ ಮೀನು ಬಂದರೂ ಪ್ರಮಾಣ ಕಡಿಮೆ, ದರ ಹೆಚ್ಚು. ಈ ಎರಡು ತಿಂಗಳನ್ನು ಸಂದೇಶದಲ್ಲೇ ಇಟ್ಟರೆ, ವರ್ಷವಿಡೀ ಮೀನು ಸಿಗುತ್ತದೆಂದು ನಂಬಿಕೊಂಡ ಐಡಿಯಾಗಳು ಚೀಟಿಗೆ ಬರುವ ಮೊದಲೇ ಉದುರಿಹೋಗುತ್ತವೆ. ಒಣಮೀನು, ಐಸಿನಲ್ಲಿಟ್ಟ ಮೀನು, ಹೊರರಾಜ್ಯದ ಮೀನು ಎಂಬ ದಾರಿಗಳು ತಾವಾಗಿ ಮುಂದೆ ಬರುತ್ತವೆ. ಎರಡು ಮನೆಗಳಲ್ಲಿ ಕೇಳಿ ಬಂದವರಿಗೆ ಇನ್ನೊಂದೂ ಗೊತ್ತಾಗಿರುತ್ತದೆ: ಅನೇಕ ಮನೆಗಳಿಗೆ ಪರಿಚಯದ ಮೀನು ಮಾರುವ ಹೆಂಗಸು ಇದ್ದಾಳೆ, ಅವಳು ಸಾಲವನ್ನೂ ಕೊಡುತ್ತಾಳೆ. ಹೊಸ ವ್ಯಾಪಾರದ ನಿಜವಾದ ಪೈಪೋಟಿ ಅವಳ ಜೊತೆಗೆ, ಅಥವಾ ಪಾಲುದಾರಿಕೆಯೂ ಅವಳ ಜೊತೆಗೇ.

ಚೀಟಿ ತರಲು ಹೇಳುವುದರ ಹಿಂದೆ ಹಳೆಯ ಪರೀಕ್ಷೆಯೊಂದಿದೆ. ಗುಂಪಿನಲ್ಲಿ ಕೂತು ಐಡಿಯಾ ಹುಟ್ಟಿಸುವ ವಿಧಾನವನ್ನು ಪ್ರಚಾರಕ್ಕೆ ತಂದವರು ಅಮೆರಿಕದ ಜಾಹೀರಾತು ಉದ್ಯಮಿ ಅಲೆಕ್ಸ್ ಆಸ್ಬಾರ್ನ್. 1953ರ ತಮ್ಮ ಪುಸ್ತಕದಲ್ಲಿ ಮೊದಲು ಟೀಕೆ ಬೇಡ, ಸಂಖ್ಯೆ ಹೆಚ್ಚಲಿ ಎಂಬ ನಿಯಮಗಳನ್ನು ಕೊಟ್ಟರು. 1958ರಲ್ಲಿ ಯೇಲ್ ವಿಶ್ವವಿದ್ಯಾಲಯದ ಸಂಶೋಧಕರು ನಾಲ್ವರ ಗುಂಪುಗಳನ್ನು, ಬೇರೆಬೇರೆ ಕೂತು ಯೋಚಿಸಿದ ನಾಲ್ವರೊಂದಿಗೆ ಹೋಲಿಸಿದಾಗ ಬೇರೆ ಕೂತವರ ಒಟ್ಟು ಐಡಿಯಾಗಳೇ ಹೆಚ್ಚಾದವು. ಮುಖ್ಯ ಕಾರಣವನ್ನು 1987ರಲ್ಲಿ ಡೀಲ್ ಮತ್ತು ಸ್ಟ್ರೋಬ ತೋರಿಸಿದರು: ಒಬ್ಬ ಮಾತಾಡುವಾಗ ಉಳಿದವರು ಸರದಿ ಕಾಯಬೇಕು, ಅಷ್ಟರಲ್ಲಿ ಹೊಳೆದದ್ದು ಮರೆಯುತ್ತದೆ. ಚೀಟಿ ಇದ್ದರೆ ಈ ನಷ್ಟವಿಲ್ಲ. ಗ್ರೂಪಿಗೆ ಹಾಕಬೇಡಿ ಎನ್ನುವುದಕ್ಕೆ ಕಾರಣ ಬೇರೆ: ಮೊದಲು ಬಿದ್ದ ಐಡಿಯಾದ ಬೆನ್ನಿಗೇ ಉಳಿದವು ಹೊರಡುತ್ತವೆ. ಆದರೆ ಚೀಟಿಯಿಂದ ಸಿಗುವುದು ಸಂಖ್ಯೆ ಮಾತ್ರ. ಯಾವುದು ನಡೆಯುತ್ತದೆ, ಯಾವುದಕ್ಕೆ ಎಷ್ಟು ದುಡ್ಡು ಬೇಕು ಎಂದು ಆರಿಸುವುದಕ್ಕೆ ಎದುರುಬದುರು ಮಾತು ಬೇಕೇ ಬೇಕು. ಹಾಗಾಗಿ ಚೀಟಿಗಳನ್ನು ಒಂದೊಂದಾಗಿ ಟೀಕೆಯಿಲ್ಲದೆ ಓದಿ ಮುಗಿಸಿ, ಉಳಿದ ಸಮಯವನ್ನು ಆರಿಸುವುದಕ್ಕೆ ಇಡುತ್ತಾರೆ. ಐದಾರು ಮಂದಿಗಿಂತ ಹೆಚ್ಚಾದರೆ ಎರಡು ಗಂಟೆ ಸಾಲದು.

ಪಾಲುದಾರಿಕೆಯ ಸಾಲನ್ನು ಬರೆಯಲು ಗೆಳೆಯರಿಗೆ ಮುಜುಗರವಾಗುತ್ತದೆ, ಆದ್ದರಿಂದ ಹೆಚ್ಚಾಗಿ ಬಿಟ್ಟುಹೋಗುವುದೂ ಅದೇ. ಬರೀ ಐಡಿಯಾಕ್ಕೆ ಕೃತಿಸ್ವಾಮ್ಯ ಸಿಗುವುದಿಲ್ಲ. ಸಂಜೆಯಲ್ಲಿ ಕೇಳಿದ್ದನ್ನು ಒಬ್ಬ ಬೇರೆ ಕಡೆ ಮಾಡಿದರೆ ತಡೆಯುವುದು ಕಷ್ಟ. ಇನ್ನೊಂದು ಕಡೆ, 1932ರ ಭಾರತೀಯ ಪಾಲುದಾರಿಕೆ ಕಾಯ್ದೆಯ ಪ್ರಕಾರ ಲಾಭ ಹಂಚಿಕೊಳ್ಳುವ ಒಪ್ಪಂದದ ಮೇಲೆ ಸೇರಿ ವ್ಯಾಪಾರ ಮಾಡಿದರೆ ಕಾಗದವಿಲ್ಲದೆಯೂ ಪಾಲುದಾರಿಕೆ ಹುಟ್ಟಬಹುದು. ಬೇರೆ ಕರಾರಿಲ್ಲದಿದ್ದರೆ ಲಾಭವೂ ನಷ್ಟವೂ ಸಮಪಾಲು. ದಿನವೂ ದಕ್ಕೆಗೆ ಹೋದವನಿಗೂ ಒಂದು ಸಂಜೆ ಬಂದು ಆಮೇಲೆ ಹೆಸರಿಗೆ ಮಾತ್ರ ಉಳಿದವನಿಗೂ ಒಂದೇ ಪಾಲು ಎಂಬ ಜಗಳ ಇಲ್ಲಿಂದ ಏಳುತ್ತದೆ. ಮೊದಲ ಮೀನು ಮಾರುವ ಮುನ್ನ ಯಾರು ಏನು ಮಾಡುತ್ತಾರೆ, ಯಾರ ಪಾಲು ಎಷ್ಟು, ನಡುವೆ ಬಿಟ್ಟರೆ ಪಾಲಿನ ಗತಿ ಏನು ಎಂದು ಒಂದು ಪುಟ ಬರೆದು ಎಲ್ಲರೂ ಸಹಿ ಹಾಕಬೇಕು.

ಸಂದೇಶ ಕೆಲಸ ಮಾಡಿದೆಯೇ ಎಂಬುದು ಉತ್ತರಗಳಲ್ಲೇ ತಿಳಿಯುತ್ತದೆ. ಬರೀ ಹೆಬ್ಬೆರಳ ಗುರುತುಗಳು ಬಂದರೆ ಬರುವವರು ತಯಾರಿಲ್ಲದೆ ಬರುತ್ತಾರೆ. ‘ನಮ್ಮ ಪಕ್ಕದ ಮನೆಯವರು ಮೀನು ತಿನ್ನುವುದಿಲ್ಲ, ಬೇರೆ ಯಾರನ್ನು ಕೇಳುವುದು?’ ಎಂದು ಒಬ್ಬ ಕೇಳಿದರೆ ಪ್ರಶ್ನೆ ಅವನಿಗೆ ತಲುಪಿದೆ. ಯಾರೂ ಹಾಗೆ ಕೇಳದಿದ್ದರೆ ಸಂಜೆಯನ್ನು ಒಂದು ವಾರ ಮುಂದೂಡುವುದು ಒಳ್ಳೆಯದು.