ಒಂದು ನಿಮಿಷದ ಪರಿಚಯ

ಹೊಸದಾಗಿ ಪದವಿ ಪಡೆದವರು ಕೆಲಸಕ್ಕೆ ಅರ್ಜಿ ಹಾಕುವಾಗ, ತಮ್ಮನ್ನು ತಾವೇ ಪರಿಚಯಿಸಿಕೊಳ್ಳುವ ಚಿಕ್ಕ ವಿಡಿಯೋವೊಂದನ್ನು ಕಳುಹಿಸಬೇಕೆಂದು ಕೆಲವು ಸಂಸ್ಥೆಗಳು ಕೇಳುತ್ತವೆ. ಅದನ್ನು ನೋಡುವವರು ಎದುರಿಗಿರುವುದಿಲ್ಲ. ತಲೆದೂಗುವುದಿಲ್ಲ, ಮರುಪ್ರಶ್ನೆ ಹಾಕುವುದಿಲ್ಲ. ಸಂದರ್ಶನದಲ್ಲಿ ತಡವರಿಸಿದ ಮಾತನ್ನು ಮುಂದಿನ ಉತ್ತರದಲ್ಲಿ ಸರಿಪಡಿಸಿಕೊಳ್ಳಬಹುದು. ಇಲ್ಲಿ ಆ ಅವಕಾಶವಿಲ್ಲ. ಆದುದರಿಂದ ಹೇಳಬೇಕಾದುದನ್ನು ಮೊದಲೇ ಬರೆದುಕೊಳ್ಳಬೇಕಾಗುತ್ತದೆ.

ತಿಪಟೂರಿನ ಸಮೀಪದ ಹಳ್ಳಿಯ ಯುವತಿಯೊಬ್ಬಳು ಬಿ.ಕಾಂ. ಮುಗಿಸಿ, ತುಮಕೂರಿನ ಲೆಕ್ಕಪರಿಶೋಧಕರೊಬ್ಬರ ಕಚೇರಿಗೆ ಅರ್ಜಿ ಹಾಕಿದಳು. ವಿಡಿಯೋ ಒಂದು ನಿಮಿಷವನ್ನು ಮೀರಬಾರದೆಂದೂ ಕನ್ನಡದಲ್ಲಿಯೇ ಮಾತನಾಡಬಹುದೆಂದೂ ಕಚೇರಿಯವರು ತಿಳಿಸಿದ್ದರು. ಅವಳು ಮೊದಲು ಬರೆದುದು ಹೀಗಿತ್ತು: “ನಾನು ಪರಿಶ್ರಮಿ, ಪ್ರಾಮಾಣಿಕಳು, ಆತ್ಮವಿಶ್ವಾಸವುಳ್ಳವಳು. ಯಾವ ಕೆಲಸವನ್ನು ಕೊಟ್ಟರೂ ಯಶಸ್ವಿಯಾಗಿ ನಿರ್ವಹಿಸಬಲ್ಲೆ.” ಅದರ ಮುಂದೆ ತಂದೆತಾಯಿಗಳ ವಿವರ, ಎಲ್ಲ ಪರೀಕ್ಷೆಗಳ ಅಂಕಗಳು ಇದ್ದವು. ಗಡಿಯಾರ ಹಿಡಿದು ಓದಿದಾಗ ಸುಮಾರು ಎರಡು ನಿಮಿಷ ಹಿಡಿಯಿತು.

ಊರಿನ ಹಾಲು ಉತ್ಪಾದಕರ ಸಂಘದ ಕಾರ್ಯದರ್ಶಿಯವರು ಅದನ್ನು ಕೇಳಿ, “ಇದರಲ್ಲಿ ನೀನೆಲ್ಲಿದ್ದೀಯಮ್ಮ? ಈ ಮಾತನ್ನು ಯಾರು ಬೇಕಾದರೂ ಹೇಳಬಹುದು. ಆ 270 ರೂಪಾಯಿಯ ಸಂಗತಿಯನ್ನು ಏಕೆ ಬಿಟ್ಟೆ?” ಎಂದರು.

“ಅದು ನನ್ನ ತಪ್ಪಲ್ಲವೆ ಸಾರ್?” ಎಂದಳು ಅವಳು.

“ತಪ್ಪೂ ನಿನ್ನದೇ, ಹುಡುಕಿದವಳೂ ನೀನೇ” ಎಂದರು ಅವರು.

ನಡೆದುದಿಷ್ಟು. ಅವಳು ಕಾಲೇಜಿನ ದಿನಗಳಲ್ಲಿ ಸಂಘದ ಪಾವತಿ ಪುಸ್ತಕವನ್ನು ಬರೆಯುತ್ತಿದ್ದಳು. ಒಂದು ದಿನ ಪೆಟ್ಟಿಗೆಯಲ್ಲಿದ್ದ ನಗದು ಪುಸ್ತಕದ ಶಿಲ್ಕಿಗಿಂತ 270 ರೂಪಾಯಿ ಹೆಚ್ಚಾಗಿತ್ತು. ಯಾರಿಗೋ ಹಣ ಕಡಿಮೆ ಕೊಡಲಾಗಿದೆ ಎಂದು ಸದಸ್ಯರಲ್ಲಿ ಗುಸುಗುಸು ಆರಂಭವಾಯಿತು. ಒಂದು ಸಂಖ್ಯೆಯಲ್ಲಿ ಎರಡು ಅಂಕಿಗಳು ಅದಲುಬದಲಾದರೆ ಉಂಟಾಗುವ ವ್ಯತ್ಯಾಸವು ಯಾವಾಗಲೂ ಒಂಬತ್ತರಿಂದ ನಿಶ್ಶೇಷವಾಗಿ ಭಾಗವಾಗುತ್ತದೆ. ಹಾಗೆ ಭಾಗವಾದ ಮಾತ್ರಕ್ಕೆ ಕಾರಣ ಅದೇ ಎನ್ನಲಾಗದು. ಅದು ಹುಡುಕಾಟಕ್ಕೆ ಸುಳಿವು ಮಾತ್ರ. 270 ಭಾಗವಾಯಿತು. ಅವಳು ರಸೀದಿಗಳನ್ನು ಒಂದೊಂದಾಗಿ ಹೋಲಿಸಿದಳು. 470 ರೂಪಾಯಿ ಕೊಟ್ಟ ಕಡೆ 740 ಎಂದು ಬರೆದಿತ್ತು, ಅಕ್ಷರ ಅವಳದೇ.

ಹೊಸ ಬರಹದಲ್ಲಿ, ಹೆಸರು ಹೇಳಿದ ಮೇಲೆ ಬಂದ ಮಾತುಗಳು ಇವು:

“ಈ ವರ್ಷ ಬಿ.ಕಾಂ. ಮುಗಿಸಿದ್ದೇನೆ. ಎರಡು ವರ್ಷ ನಮ್ಮೂರಿನ ಹಾಲು ಸಂಘದ ಪಾವತಿ ಪುಸ್ತಕ ಬರೆದಿದ್ದೇನೆ. ಒಮ್ಮೆ ನಗದಿನಲ್ಲಿ 270 ರೂಪಾಯಿ ವ್ಯತ್ಯಾಸ ಬಂತು. ಅದು ಒಂಬತ್ತರಿಂದ ಭಾಗವಾಗುವುದನ್ನು ಕಂಡು, ಅಂಕಿ ಅದಲುಬದಲಾಗಿದೆಯೇ ಎಂದು ಹುಡುಕಿದೆ. 470 ಇರಬೇಕಾದಲ್ಲಿ 740 ಎಂದಿತ್ತು. ಬರೆದವಳು ನಾನೇ. ಅಂದಿನಿಂದ ಪ್ರತಿ ನಮೂದನ್ನೂ ರಸೀದಿಯೊಡನೆ ಮತ್ತೊಮ್ಮೆ ಹೋಲಿಸುತ್ತೇನೆ. ಟ್ಯಾಲಿಯಲ್ಲಿ ರಸೀದಿ, ಪಾವತಿಗಳನ್ನು ನಮೂದಿಸಬಲ್ಲೆ. ಜಿಎಸ್‌ಟಿ ಲೆಕ್ಕವನ್ನು ಓದಿದ್ದೇನೆ. ಸಲ್ಲಿಸಿದ ಅನುಭವವಿಲ್ಲ, ಕಲಿಯುವ ಆಸೆಯಿದೆ. ಕಾಗದ ಹಿಡಿದು ಬಂದ ರೈತರಿಗೆ, ವ್ಯಾಪಾರಿಗಳಿಗೆ ಅರ್ಥವಾಗುವಂತೆ ಲೆಕ್ಕ ವಿವರಿಸಬಲ್ಲೆ. ನಿಮ್ಮ ಸಮಯಕ್ಕಾಗಿ ವಂದನೆಗಳು.”

ಇಲ್ಲಿ ‘ಪ್ರಾಮಾಣಿಕಳು’ ಎಂಬ ಪದವಿಲ್ಲ. ಆದರೂ ಕೇಳಿದವರಿಗೆ ಅದು ತಿಳಿಯುತ್ತದೆ. ಲೆಕ್ಕದ ಕಚೇರಿಯಲ್ಲಿ ತಪ್ಪು ಯಾರಿಂದಲೂ ಆಗಬಹುದು. ಅದನ್ನು ಕಂಡುಹಿಡಿದು ಹೇಳುವವರು ಬೇಕು. ಹಾಗೆಂದು ತಿದ್ದದೆ ಉಳಿದ ತಪ್ಪುಗಳನ್ನೆಲ್ಲ ಹೇಳಿಕೊಳ್ಳುವುದು ಅವಿವೇಕವೇ ಸರಿ. ತಿದ್ದಿದ ಬಗೆಯನ್ನು ಹೇಳಿದುದರಿಂದಲೇ ಈ ಮಾತಿಗೆ ತೂಕ ಬಂದಿತು. ಬಾರದ ವಿದ್ಯೆಯನ್ನು ಬಾರದೆಂದುದರಿಂದ, ಬರುತ್ತದೆ ಎಂದುದನ್ನು ನಂಬಲು ಕಾರಣ ದೊರೆಯಿತು. ಮನೆಯವರ ವಿವರ, ಅಂಕಗಳ ಪಟ್ಟಿ ಬಿಟ್ಟುಹೋದವು. ಅಂಕಗಳು ಅರ್ಜಿಯಲ್ಲಿಯೇ ಇದ್ದುವಲ್ಲವೆ?

ಚಿತ್ರೀಕರಣದಲ್ಲಿ ಬೇರೊಂದು ತೊಡಕು ಎದುರಾಯಿತು. ಎಲ್ಲವನ್ನೂ ಬಾಯಿಪಾಠ ಮಾಡಿದ್ದಳಾದ್ದರಿಂದ ಮೊದಲ ಸಲ ಧ್ವನಿಯು ಮಗ್ಗಿ ಒಪ್ಪಿಸಿದಂತಿತ್ತು. ಎರಡನೆಯ ಸಲ ಕಾಗದವನ್ನು ಪಕ್ಕದಲ್ಲಿಟ್ಟುಕೊಂಡಳು. ಕಣ್ಣುಗಳು ಅತ್ತಿತ್ತ ಸರಿದು, ಓದುತ್ತಿರುವುದು ಬಯಲಾಯಿತು. ಕೊನೆಗೆ ‘ಸಂಘ, 270, ಟ್ಯಾಲಿ, ರೈತರು’ ಎಂಬ ನಾಲ್ಕೇ ಪದಗಳನ್ನು ದಪ್ಪಕ್ಷರದಲ್ಲಿ ಬರೆದು, ಮೊಬೈಲಿನ ಕ್ಯಾಮರಾದ ಹಿಂದೆ ಅಂಟಿಸಿದಳು. ಮೊಬೈಲನ್ನು ಪುಸ್ತಕಗಳ ಮೇಲೆ ಕಣ್ಣಿನ ಮಟ್ಟಕ್ಕೆ ಇರಿಸಿದಳು. ಬೆಳಕು ಮುಖದ ಮೇಲೆ ಬೀಳುವಂತೆ ಕಿಟಕಿಗೆ ಎದುರಾಗಿ ಕುಳಿತಳು. ಕಿಟಕಿ ಬೆನ್ನ ಹಿಂದಿದ್ದರೆ ಮುಖ ಕಪ್ಪಾಗಿ ಕಾಣುತ್ತದೆ. ಪರದೆಯಲ್ಲಿ ತನ್ನನ್ನೇ ನೋಡಿಕೊಳ್ಳದೆ, ಕ್ಯಾಮರಾದ ಕಣ್ಣಿನಲ್ಲಿ ಕಾರ್ಯದರ್ಶಿಯವರೇ ಇರುವರೆಂದು ಭಾವಿಸಿ ಮಾತನಾಡಿದಳು.

“ಬರೆದವಳು ನಾನೇ” ಎನ್ನುವಾಗ ಅರೆಕ್ಷಣ ನಿಂತು, ತಾನಾಗಿಯೇ ನಕ್ಕಳು. ಆ ನಗು ಬರಹದಲ್ಲಿರಲಿಲ್ಲ. ಅವಳು ಅದನ್ನು ಅಳಿಸದೆ ಹಾಗೆಯೇ ಕಳುಹಿಸಿದಳು.