ಐವತ್ತು ಪೈಸೆ ರಿಯಾಯಿತಿಗೆ ಎಷ್ಟು ಬಾಟಲಿ ತರಿಸಬೇಕು?

ಚಿತ್ರದುರ್ಗ ಜಿಲ್ಲೆಯಲ್ಲಿ ಶೇಂಗಾ ಗಾಣ ನಡೆಸುವವರು ಎಣ್ಣೆಯ ರೇಟನ್ನು ಪೈಸೆ ಬಿಡದೆ ಲೆಕ್ಕ ಹಾಕುತ್ತಾರೆ. ಖಾಲಿ ಬಾಟಲಿ ಕೊಳ್ಳುವಾಗಲೂ ಅದೇ ಎಚ್ಚರ ಇರಲಿ. ಹಿರಿಯೂರಿನ ಒಂದು ಗಾಣಕ್ಕೆ ವರ್ಷಕ್ಕೆ 12,000 ಬಾಟಲಿ ಬೇಕು, ರೇಟು 10 ರೂಪಾಯಿ ಎಂದು ಇಟ್ಟುಕೊಳ್ಳೋಣ.

1. ರಿಯಾಯಿತಿ ಯಾವ ಬಾಟಲಿಗೆ ಎಂದು ಮೊದಲು ಕೇಳಿ. ‘5,000 ದಾಟಿದರೆ ಒಂಬತ್ತೂವರೆ’ ಎಂಬ ಮಾತಿಗೆ ಎರಡು ಅರ್ಥವಿದೆ. 5,000 ತಗೊಂಡರೆ ಎಲ್ಲ ಬಾಟಲಿಗೂ 9.50 ಎಂಬುದು ಒಂದು. ಮೊದಲ 5,000ಕ್ಕೆ ಹತ್ತೇ, ಅದರ ಮೇಲಿನವಕ್ಕೆ ಮಾತ್ರ 9.50 ಎಂಬುದು ಇನ್ನೊಂದು. ಆದಾಯ ತೆರಿಗೆಯ ಹಂತಗಳು ಹೀಗೇ ಇರುತ್ತವೆ. ಯಾವುದು ಎಂದು ಕೊಟೇಶನ್‌ನಲ್ಲಿ ಬರೆಸಿಕೊಳ್ಳಿ.

2. ರಿಯಾಯಿತಿ ಮರೆತು ನಿಮ್ಮ ಲೆಕ್ಕ ಮಾಡಿ. ಒಂದು ಸಲ ತರಿಸಲು ಗಾಡಿ ಬಾಡಿಗೆ, ಹಮಾಲಿ ಸೇರಿ 750 ರೂಪಾಯಿ ಆಗಲಿ. ಬಾಟಲಿಯಲ್ಲಿ ಸಿಕ್ಕಿಕೊಂಡ ದುಡ್ಡಿನ ಬಡ್ಡಿ, ಜಾಗ, ಹಾಳು ಸೇರಿ ವರ್ಷಕ್ಕೆ ಬೆಲೆಯ ಶೇ 20, ಅಂದರೆ ಬಾಟಲಿಗೆ 2 ರೂಪಾಯಿ.

√(2 × 12,000 × 750 ÷ 2) = 3,000

ಸಲಕ್ಕೆ 3,000 ತರಿಸಿದರೆ ವರ್ಷದ ಒಟ್ಟು ಖರ್ಚು 1,26,000 ರೂಪಾಯಿ.

3. ಎಲ್ಲಕ್ಕೂ ರಿಯಾಯಿತಿ ಇದ್ದರೆ 5,000ಕ್ಕೆ ಏರಿ, ಅಲ್ಲೇ ನಿಲ್ಲಿ. ಮಾಲಿಗೆ 1,14,000, ತರಿಸಲು 1,800, ಇಟ್ಟುಕೊಳ್ಳಲು 4,750, ಒಟ್ಟು 1,20,550. ಉಳಿತಾಯ 5,450 ರೂಪಾಯಿ. ಇನ್ನೂ ಹೆಚ್ಚು ತರಿಸಿದರೆ ರೇಟು ಇಳಿಯುವುದಿಲ್ಲ, ಗೋಡೌನ್ ಮಾತ್ರ ತುಂಬುತ್ತದೆ. ಇನ್ನೊಂದು ವಿಷಯ: 4,800 ಬಾಟಲಿಗೆ 48,000 ಕೊಡಬೇಕು, 5,000ಕ್ಕೆ 47,500 ಸಾಕು. ಹೀಗಾಗಿ 4,750ರಿಂದ 5,000ದ ನಡುವೆ ಯಾವತ್ತೂ ಆರ್ಡರ್ ಕೊಡಬೇಡಿ.

4. ಮೇಲಿನವಕ್ಕೆ ಮಾತ್ರ ರಿಯಾಯಿತಿ ಇದ್ದರೆ 3,000 ಬಿಟ್ಟು ಕದಲಬೇಡಿ. ಹೆಚ್ಚಿನವರು ಎಡವುವುದು ಇಲ್ಲೇ. ಪ್ರತಿ ದೊಡ್ಡ ಆರ್ಡರ್‌ನಲ್ಲೂ ಮೊದಲ 5,000ಕ್ಕೆ ಐವತ್ತು ಪೈಸೆಯಂತೆ 2,500 ರೂಪಾಯಿ ಹೆಚ್ಚಿಗೆ ತೆರುತ್ತೀರಿ. ಅದು ಗಾಡಿ ಬಾಡಿಗೆಗೆ ಸೇರಿದ ಹಾಗೆಯೇ. ಬಾಡಿಗೆ ಹೆಚ್ಚಿದಂತೆ ಆರ್ಡರ್ ಹಿಗ್ಗುತ್ತದೆ. ಅದೇ ಸೂತ್ರದಲ್ಲಿ 750ರ ಬದಲು 3,250, ಇಟ್ಟುಕೊಳ್ಳುವ ಖರ್ಚು 1.90 ಹಾಕಿದರೆ ಸುಮಾರು 6,400 ಬರುತ್ತದೆ. ಅಷ್ಟು ತರಿಸಿದರೂ ಸರಾಸರಿ ರೇಟು ಇಳಿಯುವುದು 11 ಪೈಸೆ. ವರ್ಷದ ಖರ್ಚು ಸುಮಾರು 1,26,424. ಮಾಲು ಎರಡರಷ್ಟು ತುಂಬಿಕೊಂಡು 424 ರೂಪಾಯಿ ನಷ್ಟ!

5. ಚೌಕಾಸಿ ಮಾಡಬೇಕಾದದ್ದು ಇದಕ್ಕೆ: ‘ಮೇಲಿನವಕ್ಕೆ ಐವತ್ತು ಪೈಸೆ ಬೇಡ ಅಣ್ಣಾ, 5,000 ತಗೋತೀನಿ, ಎಲ್ಲಕ್ಕೂ ಹತ್ತು ಪೈಸೆ ಬಿಡಿ.’ ಆಗ ಒಟ್ಟು 1,25,550. 450 ರೂಪಾಯಿ ಉಳಿಯುತ್ತದೆ. ಕೇಳಲು ಸಣ್ಣದಾದ ಈ ರಿಯಾಯಿತಿಯೇ ನಿಮಗೆ ದೊಡ್ಡದು.

6. ಈ ಲೆಕ್ಕ ವರ್ಷವಿಡೀ ಒಂದೇ ಸಮ ಖರ್ಚಾಗುವ ಮಾಲಿಗೆ ಮಾತ್ರ. ಹೊಸದುರ್ಗದ ದಾಳಿಂಬೆ ಬೆಳೆಗಾರರಿಗೆ ರಟ್ಟಿನ ಡಬ್ಬ ಬೇಕಾಗುವುದು ಕೊಯ್ಲಿನ ಹೊತ್ತಿಗೆ. ಉಳಿದ ಡಬ್ಬ ಮುಂದಿನ ಕೊಯ್ಲಿನವರೆಗೆ ತೇವ ಹೀರಿ ಮೆತ್ತಗಾಗುತ್ತದೆ. ಅಲ್ಲಿ ರಿಯಾಯಿತಿ ನೋಡಿ ಲೆಕ್ಕ ಹಾಕಬೇಡಿ, ಗಿಡದ ಮೇಲಿರುವ ಕಾಯಿ ನೋಡಿ ತರಿಸಿ.