‘ಓದಿದೆಯಾ?’ ಎಂದರೆ ‘ಹೂಂ’ ಅಷ್ಟೇ!

ಪ್ರಶ್ನೆ: ಮಗಳು ಒಂದನೇ ತರಗತಿ. ಮನೆಯ ಓದಿನ ದಾಖಲೆಗೆ ದಿನಾ ಸಹಿ ಹಾಕುತ್ತೇನೆ. ನಿಜವಾಗಿ ಓದುತ್ತಿದ್ದಾಳೋ ಇಲ್ಲವೋ ತಿಳಿಯುತ್ತಿಲ್ಲ.

ಉತ್ತರ: ಸಹಿಯಿಂದ ಅದು ತಿಳಿಯುವುದಿಲ್ಲ. ಒಂದು ನೋಟ್‌ಬುಕ್‌ನಲ್ಲಿ ನಾಲ್ಕು ಅಂಕಣ ಗೆರೆ ಎಳೆಯಿರಿ: ದಿನಾಂಕ, ಓದಿದ ಪುಟ, ತಡವರಿಸಿದ ಪದ, ಮಗು ಹೇಳಿದ ಒಂದು ಮಾತು. ಊಟಕ್ಕೆ ಮುಂಚೆ ಹತ್ತು ನಿಮಿಷ ಸಾಕು. ಅವಳು ಬೆರಳಿಟ್ಟು ಗಟ್ಟಿಯಾಗಿ ಓದಲಿ, ನೀವು ಬರೆದುಕೊಳ್ಳಿ.

ಮೂರನೇ ಅಂಕಣವೇ ಮುಖ್ಯ. ‘ರಸ್ತೆ’ಯನ್ನು ‘ರಸತೆ’, ‘ಪುಸ್ತಕ’ವನ್ನು ‘ಪುಸತಕ’ ಎಂದು ಓದಿದ್ದು ವಾರದಲ್ಲಿ ಮತ್ತೆ ಮತ್ತೆ ಕಂಡರೆ, ತೊಡಕು ಓದಿನಲ್ಲಲ್ಲ, ಒತ್ತಕ್ಷರದಲ್ಲಿ. ಮರುದಿನ ಅಂಥ ಎರಡು ಪದ ಬರೆದು ತೋರಿಸಿ. ಒಂದು ಪುಟದಲ್ಲಿ ಐದಾರು ಪದಕ್ಕೆ ಎಡವಿದರೆ ಪುಸ್ತಕವೇ ಕಷ್ಟದ್ದು, ಸುಲಭದ್ದು ಕೊಡಿ. ಪ್ರಥಮ್ ಬುಕ್ಸ್‌ನ ಸ್ಟೋರಿವೀವರ್‌ನಲ್ಲಿ ಮೊದಲ ಹಂತದ ಕನ್ನಡ ಕಥೆಗಳು ಉಚಿತವಾಗಿ ಸಿಗುತ್ತವೆ.

ಪಾಠ ಬಾಯಿಪಾಠವಾಗಿದೆ ಎಂಬ ಅನುಮಾನವೇ? ನಡುವಿನ ಒಂದು ಪದ ಹೇಳಿ, ‘ಇದು ಎಲ್ಲಿದೆ, ತೋರಿಸು’ ಎನ್ನಿ. ಮೊದಲ ಸಾಲಿನಿಂದ ಶುರುಮಾಡದೆ ತೋರಿಸಿದರೆ ಓದು ಬಂದಿದೆ.

ನಾಲ್ಕನೇ ಅಂಕಣಕ್ಕೆ ದಿನಕ್ಕೊಂದೇ ಪ್ರಶ್ನೆ: ‘ಆನೆ ಯಾಕೆ ಓಡಿಹೋಯಿತು?’, ‘ಪುಟ ತಿರುಗಿಸಿದರೆ ಏನಾಗಬಹುದು?’, ‘ನೀನಾಗಿದ್ದರೆ ಏನು ಮಾಡುತ್ತಿದ್ದೆ?’ ಉತ್ತರವನ್ನು ಅವಳ ಮಾತಿನಲ್ಲೇ ಬರೆಯಿರಿ, ತಿದ್ದಬೇಡಿ.

ತಿಂಗಳಾದರೂ ಅದೇ ಪದಗಳಲ್ಲಿ ಎಡವುತ್ತಿದ್ದರೆ ಈ ನೋಟ್‌ಬುಕ್ಕನ್ನೇ ಶಿಕ್ಷಕಿಗೆ ತೋರಿಸಿ.